ಹೌಸ್ ಟೂರ್ ವಿಡಿಯೋ: ಯಾವ ಕೋಣೆ ಮೊದಲು, ಯಾವುದು ಆಮೇಲೆ? ಎರಡನೇ ಬೆಡ್‌ರೂಮಿಗೆ ಬರುವಷ್ಟರಲ್ಲಿ ಜನ ಎದ್ದು ಹೋಗ್ತಿದ್ದಾರೆ

ಕುವೆಂಪುನಗರದವ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮಾರಾಟಕ್ಕಿರುವ ಮನೆಗಳ ವಿಡಿಯೋ ಮಾಡುತ್ತೇನೆ. ಫೋನು, ಒಂದು ಗಿಂಬಲ್, ಕಾಲರ್ ಮೈಕು, ಒಂದು ಡ್ರೋನು, ಇಷ್ಟೇ ಸಾಮಾನು. ಕಳೆದ ತಿಂಗಳು ಒಂದು ಒಳ್ಳೆ ಮನೆ ಸಿಕ್ಕಿತ್ತು. 30-40 ಸೈಟು, ಪೂರ್ವದ ಬಾಗಿಲು, ಡೂಪ್ಲೆಕ್ಸ್, ಮೂರು ಬೆಡ್‌ರೂಮು. ಮೆಟ್ಟಿಲ ಮೇಲೆ ಗಾಜಿನ ಸೂರು ಇದೆ, ಮಧ್ಯಾಹ್ನ ಬೆಳಕು ನೇರವಾಗಿ ಮೆಟ್ಟಿಲ ಮೇಲೆ ಬೀಳುತ್ತೆ. ಥಂಬ್‌ನೇಲ್‌ಗೂ ಅದನ್ನೇ ಹಾಕಿದ್ದೆ. ಟೆರೇಸಿನಿಂದ ಚಾಮುಂಡಿ ಬೆಟ್ಟ ಕಾಣುತ್ತೆ.

ನಾನು ಬರೆದುಕೊಂಡಿದ್ದ ಶಾಟ್ ಲಿಸ್ಟ್ ಹೀಗಿತ್ತು. ಮೊದಲು ಚಾನೆಲ್ ಲೋಗೊ 14 ಸೆಕೆಂಡು. ಆಮೇಲೆ ಮೇಲಿಂದ ಡ್ರೋನು, ಗೇಟು, ಕಾಂಪೌಂಡು. 1:10ಕ್ಕೆ ಮುಂಬಾಗಿಲು. ಹಾಲ್, ದೇವರ ಮನೆ, 3:30ಕ್ಕೆ ಅಡುಗೆಮನೆ, 5:00ಕ್ಕೆ ಕೆಳಗಿನ ಬೆಡ್‌ರೂಮು, 6:20ಕ್ಕೆ ಮೆಟ್ಟಿಲು, ಮೇಲಿನ ಹಾಲ್, 7:30ಕ್ಕೆ ಎರಡನೇ ಬೆಡ್‌ರೂಮು, 8:50ಕ್ಕೆ ಮೂರನೆಯದು, 10:05ಕ್ಕೆ ಟೆರೇಸು, 11:00ಕ್ಕೆ ಬೆಲೆ ಮತ್ತು ಫೋನ್ ನಂಬರ್. ಒಟ್ಟು 11:40.

ಯೂಟ್ಯೂಬ್ ಸ್ಟುಡಿಯೋದಲ್ಲಿ ಎಷ್ಟು ಜನ ಎಲ್ಲಿವರೆಗೆ ನೋಡಿದ್ದಾರೆ ಅನ್ನುವ ಗೆರೆ ನೋಡಿದೆ. ಮೊದಲ ಅರ್ಧ ನಿಮಿಷದಲ್ಲೇ ಅರ್ಧಕ್ಕಿಂತ ಜಾಸ್ತಿ ಜನ ಎದ್ದು ಹೋಗಿದ್ದಾರೆ. ಅಡುಗೆಮನೆ ಹತ್ತಿರ ಗೆರೆ ಸ್ವಲ್ಪ ಮೇಲೆದ್ದಿದೆ. 7:30ರ ಹತ್ತಿರ ಮತ್ತೆ ದೊಡ್ಡ ಇಳಿತ. ಕೊನೆಗೆ 11:00ರಲ್ಲಿ ಗೋಪುರದ ಥರ ಒಂದು ಏರು. ಮನೆ ಚೆನ್ನಾಗಿದೆ, ಕ್ಯಾಮೆರಾ ಅಲುಗಾಡಿಲ್ಲ. ಆದರೂ ಹೀಗೇಕೆ? ಕೋಣೆಗಳ ಕ್ರಮದಲ್ಲಿ ತಪ್ಪಿದೆಯಾ?

ಮಂಡ್ಯದಿಂದ

ಸರ್ ಈ ಮನೆ ಇನ್ನೂ ಇದೆಯಾ? ಬಾಡಿಗೆಗೆ ಕೊಡ್ತಾರಾ?

ಕುವೆಂಪುನಗರದವ

ಇಲ್ಲ ಸರ್, ಮಾರಾಟಕ್ಕೆ ಮಾತ್ರ. ಇಲ್ಲಿ ಕೇಳುತ್ತಿರುವುದು ವಿಡಿಯೋ ಬಗ್ಗೆ.

ಇಟ್ಟಿಗೆ ಗಾರೆ

ನಾನು ಕಟ್ಟಡ ಕಂಟ್ರಾಕ್ಟರು, ನಮ್ಮ ಮನೆಗಳದ್ದು ನಾವೇ ವಿಡಿಯೋ ಮಾಡ್ತೀವಿ. ಎರಡು ಮಾತು ಹೇಳ್ತೀನಿ. ಒಂದು, ಬೆಲೆ ಕೊನೆಗೇ ಇರಲಿ, ಅದನ್ನು ಮುಂಚೆ ತರಬೇಡಿ. ಬೆಲೆ ಗೊತ್ತಾದ ಕೂಡಲೇ ಜನ ಎದ್ದು ಹೋಗ್ತಾರೆ. ನಿಮ್ಮ ಗೆರೆಯಲ್ಲೇ ಕಾಣ್ತಿದೆಯಲ್ಲ, ಕೊನೆಗೆ ಏರಿದೆ, ಅಂದ್ರೆ ಕಾದು ಕೂತಿದ್ದಾರೆ. ಎರಡು, ಎಲ್ಲವನ್ನೂ 0.5x ಲೆನ್ಸಲ್ಲೇ ತೆಗೀರಿ. ಕೋಣೆ ದೊಡ್ಡದಾಗಿ ಕಂಡರೆ ಜನ ನಿಲ್ತಾರೆ.

ಕಾಲುದಾರಿ

ಎಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರು, ಮೈಸೂರು, ಸ್ವಲ್ಪ ಮಂಗಳೂರು. ಇಟ್ಟಿಗೆ ಗಾರೆ ಸರ್ ಅರ್ಧ ಸರಿಯಾಗಿ ಹೇಳಿದ್ದಾರೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಗೆರೆ ಓದೋಣ.

ಕೊನೆಯ ಗೋಪುರ ಕಾದು ಕೂತವರದ್ದಲ್ಲ. ಒಂದು ಸಲ ಎದ್ದು ಹೋದವರು ವಾಪಸ್ ಬರದೆ ಗೆರೆ ಮೇಲೇರುವುದು ಹೇಗೆ? ಮಧ್ಯದ್ದೆಲ್ಲ ಬಿಟ್ಟು ಬೆರಳಲ್ಲಿ ಕೊನೆಗೆ ಎಳೆದುಕೊಂಡು ಬಂದವರಿದ್ದಾರೆ, ಅಥವಾ ನಂಬರ್ ಬರೆದುಕೊಳ್ಳಲು ಅದೇ ಜಾಗ ಎರಡೆರಡು ಸಲ ನೋಡಿದವರಿದ್ದಾರೆ. ಅಂದರೆ ನಿಮ್ಮ ಹಾಲ್, ಅಡುಗೆಮನೆ ಯಾವುದೂ ಅವರ ಕಣ್ಣಿಗೆ ಬಿದ್ದಿಲ್ಲ.

ಮೊದಲ ಅರ್ಧ ನಿಮಿಷದ ಇಳಿತಕ್ಕೆ ಕಾರಣ ನಿಮ್ಮ ಲಿಸ್ಟಿನಲ್ಲೇ ಇದೆ. ಜನ ಬಂದಿದ್ದು ಥಂಬ್‌ನೇಲಿನ ಮೆಟ್ಟಿಲು ನೋಡಿ. ನೀವು ಅದನ್ನು ತೋರಿಸಿದ್ದು 6:20ಕ್ಕೆ. ಶುರುವಿನಲ್ಲಿ ಬರೀ ಲೋಗೊ, ಡ್ರೋನು, ಗೇಟು. ತಾನು ತಪ್ಪು ವಿಡಿಯೋಗೆ ಬಂದೆನೇನೋ ಅಂತ ನೋಡುವವನಿಗೆ ಅನಿಸುತ್ತೆ. ಮೊದಲ ಐದಾರು ಸೆಕೆಂಡು ಆ ಮೆಟ್ಟಿಲ ಬೆಳಕನ್ನೇ ಹಾಕಿ. ಮಾತು ಬೇಡ, ನಿಂತ ಶಾಟು ಸಾಕು. ಆದರೆ ಆ ಬೆಳಕು ಎಲ್ಲಿಂದ ಬರುತ್ತಿದೆ ಅಂತ ತೋರಿಸಬೇಡಿ. ಸೂರನ್ನು ಚೌಕಟ್ಟಿನ ಹೊರಗೆ ಬಿಡಿ. ಕೂಡಲೇ ಬಾಗಿಲ ಮುಂದೆ ನಿಂತು ಸೈಟಿನ ಅಳತೆ, ದಿಕ್ಕು, ಏರಿಯಾ, ಎಷ್ಟು ಬೆಡ್‌ರೂಮು, ಬೆಲೆ ಹೇಳಿ. ಇಪ್ಪತ್ತು ಸೆಕೆಂಡಿಗೆ ಮುಗಿಯಬೇಕು.

ಸರ್ ಹೇಳಿದ್ದರಲ್ಲಿ ಸರಿಯಾದ ಅರ್ಧ ಇದು: ಕೊನೆವರೆಗೂ ಏನನ್ನಾದರೂ ಬಾಕಿ ಇಟ್ಟುಕೊಳ್ಳಬೇಕು. ಆದರೆ ಬಾಕಿ ಇಡಬೇಕಾದದ್ದು ಮನೆಯೊಳಗಿನ ಒಂದು ವಸ್ತುವನ್ನು, ಬೆಲೆಯನ್ನಲ್ಲ. ಈ ಮನೆಗೆ ಎರಡಿವೆ. ಮಧ್ಯಕ್ಕೆ ಗಾಜಿನ ಸೂರು, ಕೊನೆಗೆ ಬೆಟ್ಟ.

ಇಟ್ಟಿಗೆ ಗಾರೆ

ಬೆಲೆ ಮೊದಲೇ ಹೇಳಿದರೆ ಅಷ್ಟು ಬಜೆಟ್ ಇಲ್ಲದವನು ಎದ್ದು ಹೋಗ್ತಾನಲ್ಲ ಸ್ವಾಮಿ?

ಕಾಲುದಾರಿ

ಹೋಗಲಿ. ಅವನು ಫೋನ್ ಮಾಡಿ ಬೆಲೆ ಕೇಳಿ ಇಡುತ್ತಾನೆ, ಅದರಿಂದ ಮನೆ ಯಜಮಾನರಿಗೆ ಏನು ಲಾಭ? ವಿಡಿಯೋ ಯಾರಿಗೆ ಅನ್ನುವುದು ಮುಖ್ಯ. ಮಾರಾಟಕ್ಕೆ ಮಾಡುವ ವಿಡಿಯೋದಲ್ಲಿ ಕೊಳ್ಳಬಲ್ಲವನು ಕೊನೆವರೆಗೂ ಕೂರಬೇಕು.

ಹುಬ್ಬಳ್ಳಿ ಮಂದಿ

ಇದರಾಗ ನಾನು ಇಟ್ಟಿಗೆ ಗಾರೆ ಅವರ ಕಡೆ ರೀ. ಚಾನೆಲ್ ಜಾಹೀರಾತಿನ ಮ್ಯಾಲೆ ನಡೀತದ ಅಂದ್ರ ಎಲ್ಲಾರೂ ಬೇಕಲ್ಲರಿ, ಬರೇ ಕೊಳ್ಳೋರು ಸಾಲಂಗಿಲ್ಲ. ಸುಮ್ನ ಮನಿ ನೋಡಾಕ ಬರೋ ಮಂದಿ ಭಾಳ ಅದಾರ.

ಕಾಲುದಾರಿ

ಅದೂ ನಿಜ. ಚಾನೆಲ್‌ಗಾಗಿ ಮಾಡುವ ವಿಡಿಯೋ ಲೆಕ್ಕ ಬೇರೆ. ಕುವೆಂಪುನಗರದವರು ಮಾಲೀಕರಿಂದ ದುಡ್ಡು ತಗೊಳ್ತಾರೆ ಅಂದುಕೊಂಡು ಹೇಳಿದೆ.

0.5x ಬಗ್ಗೆ. ಅದರಲ್ಲಿ ಗೋಡೆಗಳು ಅಂಚಿಗೆ ವಾಲುತ್ತವೆ, 10-11ರ ಕೋಣೆ ಮದುವೆ ಹಾಲಿನಂತೆ ಕಾಣುತ್ತೆ. ನೋಡಲು ಬಂದವರು ಬಾಗಿಲಲ್ಲೇ "ಇಷ್ಟೇನಾ?" ಅನ್ನುತ್ತಾರೆ. ಆ ಮಾತು ಎಷ್ಟು ಸಲ ಕೇಳಿದ್ದೇನೋ. ಬಾತ್‌ರೂಮು, ಯುಟಿಲಿಟಿ, ದೇವರ ಮನೆ, ಈ ಮೂರಕ್ಕೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ, ಅಲ್ಲಿ ಮಾತ್ರ ಬಳಸಿ. ಉಳಿದದ್ದೆಲ್ಲ 1x, ಕ್ಯಾಮೆರಾ ಎದೆ ಮಟ್ಟಕ್ಕೆ. ತಲೆ ಮಟ್ಟಕ್ಕೆ ಹಿಡಿದರೆ ಅಡುಗೆ ಕಟ್ಟೆ, ಮಂಚ ಎಲ್ಲ ಕುಳ್ಳಾಗಿ ಕಾಣುತ್ತವೆ.

ದುಬೈ ಕನ್ನಡಿಗ

ನಾನು ನೋಡುವವನ ಕಡೆಯಿಂದ ಹೇಳುತ್ತೇನೆ. ಹೋದ ವರ್ಷ ಊರಿಗೆ ಬರದೆ, ವಿಡಿಯೋ ನೋಡಿಯೇ ಒಂದು ಮನೆಗೆ ಅಡ್ವಾನ್ಸ್ ಕೊಡುವವನಿದ್ದೆ. ಅಡುಗೆಮನೆ ತೋರಿಸಿ ಕಟ್ ಮಾಡಿ ಸೀದಾ ಬೆಡ್‌ರೂಮಿಗೆ ಹೋಗಿದ್ದರು. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆವು ಅಂತ ನನಗೆ ತಿಳಿಯಲೇ ಇಲ್ಲ. ಕಾಗದದ ಮೇಲೆ ಮನೆ ನಕ್ಷೆ ಬರೆಯಲು ಕೂತೆ. ನಾಲ್ಕು ಸಲ ನೋಡಿದರೂ ಊಟದ ಮೇಜಿನ ಹಿಂದಿನ ಗೋಡೆ ಎಲ್ಲೂ ಕಾಣಲಿಲ್ಲ. ತಮ್ಮನನ್ನು ಕಳಿಸಿದೆ. ಟಾಯ್ಲೆಟ್ ಬಾಗಿಲು ಸರಿಯಾಗಿ ಊಟದ ಮೇಜಿನ ಎದುರಿಗೇ ತೆರೆಯುತ್ತಿತ್ತು! ಅವತ್ತಿನಿಂದ ದಾರಿ ತಪ್ಪಿಸುವ ವಿಡಿಯೋ ಬಂದರೆ ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಕಾಲುದಾರಿ

ನೀವು ಹೇಳಿದ್ದೇ ಮುಖ್ಯ ಸಂಗತಿ. ಕೋಣೆಗಳ ಕ್ರಮ ಅಂದರೆ ಚೆಂದದ ಕ್ರಮ ಅಲ್ಲ, ಕಾಲು ನಡೆಯುವ ಕ್ರಮ. ನೋಡುವವನ ತಲೆಯಲ್ಲಿ ಒಂದು ನಕ್ಷೆ ಬೆಳೆಯುತ್ತಿರುತ್ತದೆ. ಅದು ಬೆಳೆಯುತ್ತಿರುವಷ್ಟು ಹೊತ್ತು ಅವನು ಕೂರುತ್ತಾನೆ.

ನಾನು ಪ್ರತಿ ಕೋಣೆಗೆ ಮೂರೇ ಸಾಲು ಬರೆದುಕೊಳ್ಳುತ್ತೇನೆ. ಮೊದಲನೆಯದು ಹೊಸ್ತಿಲ ಮೇಲೆ ನಿಂತ ಶಾಟು. ಅಲ್ಲಿ ಮೂರು ಸೆಕೆಂಡು ಅಲುಗಾಡದೆ ನಿಲ್ಲುತ್ತೇನೆ, ಯಾಕೆಂದರೆ ಕಣ್ಣಿಗೆ ಕೋಣೆ ಓದಿಕೊಳ್ಳಲು ಅಷ್ಟು ಹೊತ್ತು ಬೇಕು. ಎರಡನೆಯದು ಒಳಗೆ ನಡೆದು ಒಂದು ವಿವರ, ತಪ್ಪಿದರೆ ಎರಡು. ಮೂರನೆಯದು ಹೊರಡುವ ಶಾಟು: ಆ ಕೋಣೆಯೊಳಗಿಂದಲೇ ಮುಂದಿನ ಬಾಗಿಲು ಕಾಣಬೇಕು. ಬಹಳ ಜನ ಈ ಮೂರನೆಯದನ್ನು ತೆಗೆಯುವುದೇ ಇಲ್ಲ. ಮನೆಗೆ ಬಂದು ಎಡಿಟ್‌ಗೆ ಕೂತಾಗ ಅದು ಇಲ್ಲ ಅಂತ ಗೊತ್ತಾಗುತ್ತೆ. ಆಗ ಕಟ್ ಮಾಡದೆ ಬೇರೆ ದಾರಿಯೇ ಇರುವುದಿಲ್ಲ.

ಈಗ 7:30ರ ಇಳಿತ. ಕೆಳಗಿನ ಬೆಡ್‌ರೂಮಿಗೆ 80 ಸೆಕೆಂಡು ಕೊಟ್ಟಿರಿ. ಎರಡನೆಯದಕ್ಕೂ 80, ಮೂರನೆಯದಕ್ಕೆ 75. ಮೂರರಲ್ಲೂ ವಾರ್ಡ್‌ರೋಬು, ಕಿಟಕಿ, ಬಾತ್‌ರೂಮು, ಅದೇ ಸರದಿ ಅಲ್ವಾ? ಎರಡನೇ ಬೆಡ್‌ರೂಮು ಶುರುವಾದಾಗ ನೋಡುವವನಿಗೆ ಮುಂದಿನ ಎರಡೂವರೆ ನಿಮಿಷ ಏನು ಬರುತ್ತೆ ಅಂತ ಆಗಲೇ ಗೊತ್ತು. ಒಂದು ಬೆಡ್‌ರೂಮು ಪೂರ್ತಿ ತೋರಿಸಿ. ಉಳಿದವುಗಳಲ್ಲಿ ಬೇರೆ ಏನಿದೆಯೋ ಅಷ್ಟು ಮಾತ್ರ. ಬಾತ್‌ರೂಮೂ ಹಾಗೇ, ಒಂದನ್ನು ಪೂರ್ತಿ, ಉಳಿದವಕ್ಕೆ ಬಾಗಿಲಿಂದ ಮೂರು ಸೆಕೆಂಡು.

ಕುವೆಂಪುನಗರದವ

ಮೂರಕ್ಕೂ ಅದೇ ಸರದಿ, ಹೌದು ಸರ್. ಮೂರನೆಯದರಲ್ಲಿ ಪೂರ್ವಕ್ಕೆ ಬಾಲ್ಕನಿ ಇದೆ, ಅದನ್ನು ಎಲ್ಲಕ್ಕಿಂತ ಕೊನೆಗೆ ತೋರಿಸಿದ್ದೆ.

ಕಾಲುದಾರಿ

ಆ ಕೋಣೆಗೆ ಬಾಲ್ಕನಿ ಬಾಗಿಲಿನಿಂದಲೇ ಶುರು ಮಾಡಿ. ವಾರ್ಡ್‌ರೋಬು ಬೇಡವೇ ಬೇಡ.

ಅಡುಗೆಮನೆ ಕಿಟಕಿ

ಅಡುಗೆಮನೆ ಹತ್ತಿರ ಗೆರೆ ಮೇಲೆದ್ದಿದೆ ಅಂದ್ರಲ್ಲ, ಅದು ಇಷ್ಟಪಟ್ಟು ನೋಡಿದ್ದು ಅಂತ ಖುಷಿ ಪಡಬೇಡಿ. ನಿಮ್ಮ ವಿಡಿಯೋ ಹುಡುಕಿ ನೋಡಿದೆ. ನಾನೂ ಅಲ್ಲಿ ಎರಡು ಸಲ ಹಿಂದಕ್ಕೆ ಎಳೆದೆ, ಯಾಕೆಂದರೆ ನೋಡಬೇಕಾದದ್ದು ಕಾಣಲಿಲ್ಲ. ಚಿಮಣಿ, ಮಾಡ್ಯುಲರ್ ಬಣ್ಣ, ಮೇಲಿನ ಲೈಟು, ಇವನ್ನೇ ಅರ್ಧ ನಿಮಿಷ ತೋರಿಸಿದ್ದೀರಿ. ಸಿಂಕು ಒಂದು ಕ್ಷಣ ಬಂದು ಹೋಯಿತು.

ಹೆಂಗಸರು ಅಲ್ಲಿ ಏನು ನೋಡ್ತೀವಿ ಅಂತ ಹೇಳ್ತೀನಿ, ಬರೆದುಕೊಳ್ಳಿ. ಒಲೆಗೂ ಸಿಂಕಿಗೂ ನಡುವೆ ತರಕಾರಿ ಹೆಚ್ಚುವಷ್ಟು ಜಾಗ ಇದೆಯಾ? ಗ್ಯಾಸ್ ಸಿಲಿಂಡರ್ ಒಳಗಾ ಹೊರಗಾ? ಫ್ರಿಜ್ ಬಾಗಿಲು ಪೂರ್ತಿ ತೆರೆಯುತ್ತಾ? ಯುಟಿಲಿಟಿಯಲ್ಲಿ ಪಾತ್ರೆ ತೊಳೆಯಲು ಕೂತರೆ ನೀರು ಯಾವ ಕಡೆ ಹರಿಯುತ್ತೆ? ಇಷ್ಟನ್ನು ಕಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಒಂದೇ ಶಾಟಲ್ಲಿ ತೋರಿಸಿ. ನಿಮ್ಮದರಲ್ಲಿ ನನಗೆ ಇಷ್ಟವಾದದ್ದು ಒಂದೇ ಜಾಗ. ನಲ್ಲಿ ಬಿಟ್ಟಿರಿ, ನೀರು ಸ್ಟೀಲ್ ಸಿಂಕಿನ ತಳಕ್ಕೆ ಬಿದ್ದ ಸದ್ದು ಕೇಳಿಸಿತು, ಹಿಂದೆ ಕಿಟಕಿಯಾಚೆ ಪಕ್ಕದ ಮನೆಯ ಕರಿಬೇವಿನ ಗಿಡ. ಅಲ್ಲಿ ಸಂಗೀತ ನಿಂತಿತ್ತು. ಆ ನಾಲ್ಕು ಸೆಕೆಂಡಲ್ಲಿ ಅದು ಒಂದು ಮನೆ ಅನ್ನಿಸಿತು.

ಕುವೆಂಪುನಗರದವ

ಅಕ್ಕ, ಆ ನಲ್ಲಿ ಶಾಟು ಲಿಸ್ಟಲ್ಲೇ ಇರಲಿಲ್ಲ. ನೀರಿನ ಒತ್ತಡ ನೋಡೋಣ ಅಂತ ಬಿಟ್ಟಿದ್ದೆ. ಇನ್ಮುಂದೆ ಬರೆದುಕೊಳ್ಳುತ್ತೇನೆ.

ಈಶಾನ್ಯ ಮೂಲೆ

ಯಾವ ಮನೆಯಾದರೂ ದೇವರ ಮನೆಯಿಂದಲೇ ಶುರು ಮಾಡಬೇಕು. ಆಮೇಲೆ ಅಗ್ನಿಮೂಲೆ ಅಡುಗೆಮನೆ, ಆಮೇಲೆ ನೈಋತ್ಯದ ಬೆಡ್‌ರೂಮು. ಪ್ರದಕ್ಷಿಣೆ ಕ್ರಮ ಅದು.

ಅಡುಗೆಮನೆ ಕಿಟಕಿ

ಅದು ಮನೆ ಕಟ್ಟುವ ಮಾತಾಯಿತು ಸರ್. ವಿಡಿಯೋದಲ್ಲಿ ಹಾಲ್ ದಾಟದೆ ದೇವರ ಮನೆಗೆ ಹೋಗೋದು ಹೇಗೆ?

ಕಾಲುದಾರಿ

ಪೂರ್ತಿ ತಳ್ಳಿಹಾಕಬೇಡಿ ಮೇಡಂ. ನಮ್ಮ ಕಡೆ ಕೊಳ್ಳುವವರಲ್ಲಿ ಅನೇಕರು ದಿಕ್ಕು ನೋಡುತ್ತಲೇ ಕೂತಿರುತ್ತಾರೆ. ಅಡುಗೆಮನೆ ಯಾವ ಮೂಲೆ ಅಂತ ತಿಳಿಯದಿದ್ದರೆ ಅವರ ಗಮನ ಅಲ್ಲೇ ಸಿಕ್ಕಿಕೊಳ್ಳುತ್ತೆ. ಅದಕ್ಕೆ ಹೊಸ್ತಿಲಲ್ಲಿ ನಿಂತ ಆ ಮೂರು ಸೆಕೆಂಡಲ್ಲಿ ಕೋಣೆಯ ಅಳತೆ, ಮೂಲೆ ಎರಡನ್ನೂ ಪರದೆ ಮೇಲೆ ಬರೆದುಬಿಡುತ್ತೇನೆ. ಬಾಯಲ್ಲಿ ಹೇಳುವುದಿಲ್ಲ. ಬಾಯಿ ಬೇರೆ ಕೆಲಸಕ್ಕೆ ಉಳಿಯುತ್ತೆ.

ಹುಬ್ಬಳ್ಳಿ ಮಂದಿ

ನಾ ತೆಗೆದ ವಿಡಿಯೋದಾಗ ಎಲ್‌ಇಡಿ ಲೈಟ್ ಪಟಪಟ ಅಂತಾವ, ಪಟ್ಟಿ ಪಟ್ಟಿ ಬರ್ತಾವ. ಯಾಕ ರೀ? ವಿಷಯಾಂತರ ಆತು, ಕ್ಷಮಸ್ರಿ.

ಕಾಲುದಾರಿ

ನಮ್ಮ ಕರೆಂಟು 50 ಹರ್ಟ್ಸ್. ಶಟರನ್ನು ಕೈಯಾರೆ 1/50 ಅಥವಾ 1/100ಕ್ಕೆ ಇಡಿ, ಬಹುಪಾಲು ಹೋಗುತ್ತೆ. ಕಡಿಮೆ ಬೆಲೆಯ ಕೆಲವು ಎಲ್‌ಇಡಿಗಳು ಆಗಲೂ ಮಿಟುಕುತ್ತವೆ, ಅವನ್ನು ಆರಿಸಿಬಿಡಿ. ಹಗಲಲ್ಲಿ ನಾನು ದೇವರ ಮನೆಯದು ಬಿಟ್ಟು ಯಾವ ಲೈಟೂ ಹಾಕುವುದಿಲ್ಲ. ಕಿಟಕಿ ಬೆಳಕು ಒಂದು ಬಣ್ಣ, ಬಲ್ಬು ಇನ್ನೊಂದು ಬಣ್ಣ, ಎರಡೂ ಸೇರಿದರೆ ಗೋಡೆ ಹಳದಿ-ನೀಲಿ ಆಗುತ್ತೆ.

ಇಟ್ಟಿಗೆ ಗಾರೆ

ಇದನ್ನು ಒಪ್ಪಲ್ಲ. ಫಾಲ್ಸ್ ಸೀಲಿಂಗಿಗೆ ಅಷ್ಟು ದುಡ್ಡು ಹಾಕಿರ್ತೀವಿ, ಲೈಟ್ ಹಾಕದೆ ತೋರಿಸಿದರೆ ಮಾಲೀಕರು ಬಿಡ್ತಾರಾ?

ಕಾಲುದಾರಿ

ಅದನ್ನು ಸಂಜೆ ಒಂದು ಶಾಟಾಗಿ ಬೇರೆ ತೆಗೆಯಿರಿ ಸರ್. ಸಂಜೆ ಮನೆ ಹೇಗಿರುತ್ತೆ ಅಂತ ಕೊನೆಯಲ್ಲಿ ಹಾಕಬಹುದು.

ಅದರಿಂದ ಇನ್ನೊಂದು ಮಾತು ನೆನಪಾಯಿತು. ನೋಡುವ ಕ್ರಮ ಬೇರೆ, ತೆಗೆಯುವ ಕ್ರಮ ಬೇರೆ. ನನ್ನ ಹಾಳೆಯಲ್ಲಿ ಎಡಕ್ಕೆ ವಿಡಿಯೋದಲ್ಲಿ ಬರುವ ನಂಬರ್, ಬಲಕ್ಕೆ ತೆಗೆಯುವ ಹೊತ್ತು. ಈ ಮನೆಯದನ್ನೇ ತಗೊಳ್ಳಿ. ಪೂರ್ವದ ಮುಖ, ಹಾಗಾಗಿ ಮುಂಭಾಗಕ್ಕೆ ಬೆಳಿಗ್ಗೆ ಎಂಟರ ಬಿಸಿಲು ಸರಿ. ಅದೇ ಹೊತ್ತಿಗೆ ಪೂರ್ವದ ಬಾಲ್ಕನಿ ಕೋಣೆ ತೆಗೆದರೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತೆ, ಅದನ್ನು ಹನ್ನೊಂದರ ಮೇಲೆ ತೆಗೆಯಬೇಕು. ಮೆಟ್ಟಿಲ ಬೆಳಕು ಹನ್ನೆರಡರ ಆಸುಪಾಸು. ಕುವೆಂಪುನಗರದಿಂದ ಬೆಟ್ಟ ಪೂರ್ವದ ಕಡೆ. ಬೆಳಿಗ್ಗೆ ಸೂರ್ಯ ಅದರ ಹಿಂದಿರುವುದರಿಂದ ಬೂದು ಬಣ್ಣದ ಗುಡ್ಡೆ ಅಷ್ಟೇ ಕಾಣುತ್ತೆ. ಸಂಜೆ ಐದಕ್ಕೆ ಬೆನ್ನ ಹಿಂದಿನಿಂದ ಬಿಸಿಲು ಬಿದ್ದಾಗ ಮರಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ನೀವು ಟೆರೇಸು ಯಾವಾಗ ತೆಗೆದಿರಿ?

ಕುವೆಂಪುನಗರದವ

ಬೆಳಿಗ್ಗೆ ಒಂಬತ್ತೂವರೆಗೆ ಸರ್. ಎಲ್ಲವನ್ನೂ ವಿಡಿಯೋ ಕ್ರಮದಲ್ಲೇ ಒಂದೇ ಸಮನೆ ತೆಗೆದಿದ್ದೆ, ಮಧ್ಯಾಹ್ನ ಮೆಟ್ಟಿಲಿಗೆ ಮಾತ್ರ ವಾಪಸ್ ಹೋದೆ. ಬೆಟ್ಟ ಬೂದಾಗಿಯೇ ಬಂದಿದೆ. ಆದರೆ ಬೇರೆ ಬೇರೆ ಹೊತ್ತಲ್ಲಿ ತೆಗೆದರೆ ಜೋಡಿಸಿದಾಗ ಬಣ್ಣ ಹೊಂದುತ್ತಾ?

ಕಾಲುದಾರಿ

ಒಂದು ಬಾಗಿಲಿನ ಎರಡೂ ಬದಿ ಒಂದೇ ಹೊತ್ತಲ್ಲಿ ತೆಗೆಯಿರಿ. ಹಾಲಿನಿಂದ ಅಡುಗೆಮನೆಗೆ ಹೋಗುವ ಶಾಟೂ ಅಡುಗೆಮನೆ ಹೊಸ್ತಿಲ ಶಾಟೂ ಬೆನ್ನುಬೆನ್ನಿಗೆ. ಹೊತ್ತು ಬದಲಾಗುವ ಜಾಗ ಮಹಡಿ ಹತ್ತುವಾಗ ಇಟ್ಟುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಕೋಣೆಯಲ್ಲಿ ಶುರು ಮಾಡುವ ಮುಂಚೆ ಪರದೆ ಒತ್ತಿ ಹಿಡಿದು AE/AF LOCK ಮಾಡಿ. ಇಲ್ಲದಿದ್ದರೆ ಕಿಟಕಿ ಕಡೆ ತಿರುಗಿದ ಕೂಡಲೇ ಕೋಣೆ ಕಪ್ಪಾಗುತ್ತೆ.

ಕುವೆಂಪುನಗರದವ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಯೂಟ್ಯೂಬಲ್ಲಿ ಹಾಕಿದ ವಿಡಿಯೋದ ಕ್ರಮ ಬದಲಿಸಲು ಬರುವುದಿಲ್ಲ. ಹಾಗಾಗಿ ಹೊಸದಾಗಿ ಜೋಡಿಸಿ ಇನ್ನೊಂದು ಹಾಕಿದೆ. ಮಾಲೀಕರನ್ನು ಕೇಳಿ ಟೆರೇಸು, ಅಡುಗೆ ಕಟ್ಟೆ, ಹೊರಡುವ ಶಾಟುಗಳನ್ನು ಮತ್ತೆ ತೆಗೆದೆ. 11:40 ಇದ್ದದ್ದು 7:10 ಆಯಿತು. ಕೆಳಗೆ ಚಾಪ್ಟರ್‌ಗೆ ಹೀಗೆ ಬರೆದೆ, ಆದರೆ ಚಾಪ್ಟರ್ ಕಾಣುತ್ತಲೇ ಇಲ್ಲ:

```
0:00 ಮೆಟ್ಟಿಲ ಬೆಳಕು
0:06 ಸೈಟು, ದಿಕ್ಕು, ಬೆಲೆ
0:28 ಹಾಲ್
1:20 ದೇವರ ಮನೆ
1:40 ಅಡುಗೆಮನೆ, ಯುಟಿಲಿಟಿ
3:05 ಕೆಳಗಿನ ಬೆಡ್‌ರೂಮು
4:10 ಮೆಟ್ಟಿಲು, ಗಾಜಿನ ಸೂರು
4:50 ಮೇಲಿನ ಕೋಣೆಗಳು
6:05 ಟೆರೇಸು
```

ಹುಬ್ಬಳ್ಳಿ ಮಂದಿ

ಪ್ರತಿ ಚಾಪ್ಟರ್ 10 ಸೆಕೆಂಡರೆ ಇರಬೇಕು ರೀ. ನಿಮ್ಮ ಮೊದಲನೇದು ಆರೇ ಸೆಕೆಂಡು. ಎರಡನೇ ಸಾಲು ತೆಗದು, 0:00ಕ್ಕನ ಸೈಟು, ದಿಕ್ಕು, ಬೆಲೆ ಅಂತ ಬರೀರಿ.

ಕುವೆಂಪುನಗರದವ

ಬಂತು! ಧನ್ಯವಾದ ರೀ.

ಗೆರೆಯ ಕಥೆ ಹೇಳುತ್ತೇನೆ. ಮೊದಲ ಅರ್ಧ ನಿಮಿಷದ ಇಳಿತ ತುಂಬಾ ಕಡಿಮೆಯಾಗಿದೆ. ಮೇಲಿನ ಕೋಣೆಗಳಲ್ಲಿ ಗೆರೆ ಹೆಚ್ಚು ಕಡಿಮೆ ಮಟ್ಟವಾಗಿದೆ. ಬೆಲೆ ಹೇಳಿದ ಜಾಗದಲ್ಲಿ, 0:20ರ ಹತ್ತಿರ, ಒಂದು ಸಣ್ಣ ಇಳಿತ ಇದೆ, ಇಟ್ಟಿಗೆ ಗಾರೆ ಸರ್ ಹೇಳಿದ ಹಾಗೇ. ಆದರೆ ಫೋನ್ ಮಾಡಿದವರು ಯಾರೂ ಬೆಲೆ ಕೇಳಲಿಲ್ಲ. ಸಂಪಿನ ಅಳತೆ, ಖಾತೆ, ಎಷ್ಟು ವರ್ಷದ ಮನೆ ಅಂತ ಕೇಳಿದರು. ಅಡುಗೆಮನೆಯಲ್ಲಿ ಮಾತ್ರ ಇನ್ನೂ ಗೆರೆ ಮೇಲೇಳುತ್ತಿದೆ. ಅಕ್ಕ, ಈಗ ಏನು ಕಾಣುತ್ತಿಲ್ಲ?

ದುಬೈ ಕನ್ನಡಿಗ

ಚಾಪ್ಟರ್ ಇರುವುದರಿಂದ ಸೀದಾ ಅಡುಗೆಮನೆಗೆ ಹಾರಿ ಬಂದವರೂ ಇರಬಹುದು. ಮನೆಯಲ್ಲಿ ನನ್ನ ಹೆಂಡತಿ ಹಾಗೇ ಮಾಡುತ್ತಾಳೆ.

ಇಟ್ಟಿಗೆ ಗಾರೆ

ಅದಕ್ಕೇ ಹೇಳೋದು, ಚಾಪ್ಟರ್ ಹಾಕಬೇಡಿ ಅಂತ. ಹಾರಿ ಹೋಗಲು ನೀವೇ ಮೆಟ್ಟಿಲು ಹಾಕಿಕೊಟ್ಟ ಹಾಗಾಯಿತು.

ಕಾಲುದಾರಿ

ಚಾಪ್ಟರ್ ಇಲ್ಲದಿದ್ದರೂ ಬೆರಳಲ್ಲಿ ಎಳೆಯುತ್ತಾರೆ ಸರ್. ಆಗ ಎಲ್ಲೆಲ್ಲೋ ಇಳಿದು, ಸಿಗದೆ ಬಿಟ್ಟು ಹೋಗುತ್ತಾರೆ. ನನಗೆ ಇದರಲ್ಲಿ ಎರಡೂ ಥರ ಆಗಿದೆ, ಒಂದೇ ಮಾತು ಹೇಳಲಾರೆ.

ಅಡುಗೆಮನೆ ಕಿಟಕಿ

ಹೊಸದು ನೋಡಿದೆ ತಮ್ಮ. ಕಟ್ಟೆಯ ಶಾಟು ಚೆನ್ನಾಗಿದೆ, ಸಿಲಿಂಡರ್ ಹೊರಗಿದೆ ಅಂತಲೂ ಗೊತ್ತಾಯಿತು. ಆದರೆ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಇಡುವ ಜಾಗಕ್ಕೆ ಪಾಯಿಂಟ್ ಇದೆಯಾ ಇಲ್ವಾ? ನೀವು ತಿರುಗುವಾಗ ಮೂಲೆಯಲ್ಲಿ ಒಂದು ನಲ್ಲಿ ಕಂಡಂತಾಯಿತು. ನಾನು ಮೂರು ಸಲ ಹಿಂದಕ್ಕೆ ಎಳೆದಿದ್ದು ಅದನ್ನು ನೋಡಲು.

ಕುವೆಂಪುನಗರದವ

ನಲ್ಲಿ ಇದೆ ಅಕ್ಕ, ಪ್ಲಗ್ ಪಾಯಿಂಟೂ ಇದೆ. ಶಾಟು ಇಲ್ಲ. ನಾಳೆ ಮಧ್ಯಾಹ್ನ ಅದೇ ರಸ್ತೆಗೆ ಹೋಗುವುದಿದೆ, ಐದು ಸೆಕೆಂಡಿನದು ತೆಗೆದು ತರುತ್ತೇನೆ.

ಮಂಡ್ಯದಿಂದ

ಸರ್ ಅದೇ ರಸ್ತೆ ಅಂದ್ರಲ್ಲ, ಅಲ್ಲಿ ಬಾಡಿಗೆಗೆ ಏನಾದ್ರೂ ಇದೆಯಾ?